ಇಪ್ಪತ್ತು ಕ್ವಿಂಟಲ್ ಸೋಯಾ, ನಾಲ್ವರು, ಎರಡು ದಿನ

ಹ್ಯಾಕಥಾನ್‌ಗೆ ಹೊರಟ ತಂಡಕ್ಕೆ ಎಲ್ಲರೂ ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ. ಸಮಸ್ಯೆ ದೊಡ್ಡದಿರಲಿ, ತಂತ್ರಜ್ಞಾನ ಹೊಸದಿರಲಿ, ಕೋಡ್ ಬರುವವರು ಕೋಡ್ ಬರೆಯಲಿ, ಬಾರದವರು ಪಿಪಿಟಿ ಮಾಡಲಿ. ಬೈಲಹೊಂಗಲ, ಸವದತ್ತಿ ಕಡೆಯ ಹುಡುಗರಾದರೆ ವಿಷಯವನ್ನೂ ಅವರ ಪರವಾಗಿ ಯಾರೋ ಆರಿಸಿಬಿಡುತ್ತಾರೆ: ಎಲೆಯ ಫೋಟೊ ತೆಗೆದರೆ ಬೆಳೆಗೆ ಬಂದ ರೋಗ ಯಾವುದೆಂದು ಹೇಳುವ ಆ್ಯಪ್. ನಾಲ್ಕು ಜನ, ಬೇರೆ ಬೇರೆ ಕಲಿಕೆ, ಶನಿವಾರ ಮತ್ತು ಭಾನುವಾರ ಎರಡೇ ದಿನ. ಇಷ್ಟರಲ್ಲಿ ಈ ಸಲಹೆ ಯಾವ ರೀತಿಯಲ್ಲೂ ನಿಲ್ಲುವುದಿಲ್ಲ.

ಇದರ ಮೂಲ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಇರಬೇಕು. 2017ರಲ್ಲಿ ಶುರುವಾದ ಈ ಸ್ಪರ್ಧೆಗೆ ಕೇಂದ್ರದ ಸಚಿವಾಲಯಗಳು ಸಮಸ್ಯೆಗಳನ್ನು ಬರೆದು ಕೊಡುತ್ತವೆ, ಹಾಗಾಗಿ ಅವು ಇಡೀ ದೇಶದ ಅಳತೆಯವು. ಅಲ್ಲಿ ತಂಡಕ್ಕೆ ಆರು ಜನ, ಐಡಿಯಾ ಕಳಿಸುವುದಕ್ಕೂ ಕೊನೆಯ ಸುತ್ತಿಗೂ ನಡುವೆ ತಯಾರಿಗೆ ಸಮಯವೂ ಉಂಟು. ಆ ಅಳತೆಯ ಅಂಗಿಯನ್ನು ವಾರಾಂತ್ಯದ ನಾಲ್ವರಿಗೆ ತೊಡಿಸುತ್ತಿದ್ದೇವೆ.

ಎಲೆಯ ಆ್ಯಪನ್ನೇ ನೋಡೋಣ. ಇಂಥ ತಂಡಗಳು ಸಾಮಾನ್ಯವಾಗಿ ಹಿಡಿಯುವುದು ಪ್ಲಾಂಟ್‌ವಿಲೇಜ್ ಎಂಬ ಉಚಿತ ಚಿತ್ರಸಂಗ್ರಹವನ್ನು. ಅದರಲ್ಲಿ 54 ಸಾವಿರಕ್ಕೂ ಹೆಚ್ಚು ಎಲೆಗಳ ಚಿತ್ರಗಳಿವೆ. ಅದನ್ನು ಬಳಸಿ 2016ರಲ್ಲಿ ಪ್ರಕಟವಾದ ಅಧ್ಯಯನ ಶೇ. 99ರಷ್ಟು ನಿಖರತೆ ತೋರಿಸಿತು. ಎಲ್ಲರೂ ನೆನಪಿಡುವುದು ಅದನ್ನೇ. ಬೇರೆ ಕಡೆಯಿಂದ ತಂದ ಚಿತ್ರಗಳ ಮೇಲೆ ಅದೇ ಮಾದರಿ ಶೇ. 31ರ ಆಸುಪಾಸಿಗೆ ಕುಸಿದದ್ದನ್ನೂ ಆ ಲೇಖಕರೇ ಬರೆದಿದ್ದಾರೆ. ಕಾರಣ ಸರಳ. ಚಿತ್ರದ ಎಲೆಗಳು ಗಿಡದಿಂದ ಕಿತ್ತು ಸಾದಾ ಹಿನ್ನೆಲೆಯ ಮೇಲೆ ಇಟ್ಟವು, ಹೊಲದ ಎಲೆ ಹಾಗಿರುವುದಿಲ್ಲ. ಇನ್ನೂ ಮುಖ್ಯವಾದದ್ದು, ಆ ಸಂಗ್ರಹದಲ್ಲಿ ಹತ್ತಿ ಇಲ್ಲ, ಕಬ್ಬು ಇಲ್ಲ, ಜೋಳ ಇಲ್ಲ. ಸೋಯಾ ಇದೆ, ಆದರೆ ಆರೋಗ್ಯವಂತ ಎಲೆ ಮಾತ್ರ. ಅಂದರೆ ಬೈಲಹೊಂಗಲದ ರೈತ ಸೋಯಾಕ್ಕೆ ತುಕ್ಕುರೋಗ ಬಂದಿದೆಯೇ ಎಂದು ಕೇಳಿದರೆ ಅದಕ್ಕೆ ಉತ್ತರ ಅದರೊಳಗೆ ಇಲ್ಲವೇ ಇಲ್ಲ. ಭಾನುವಾರ ಸಂಜೆ ತೀರ್ಪುಗಾರರಿಗೂ ಇದು ಕಾಣುವುದಿಲ್ಲ, ತಂಡಕ್ಕೂ ಕಾಣುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ತಪ್ಪಾಗಿದೆಯೋ ಇಲ್ಲವೋ ಎಂದು ಭಾನುವಾರದೊಳಗೆ ಕೈಲೆಕ್ಕದಿಂದ ಪರೀಕ್ಷಿಸಲಾಗದ್ದನ್ನು ಎರಡು ದಿನದ ತಂಡ ಕೈಗೆತ್ತಿಕೊಳ್ಳಬಾರದು.

ಹಾಗೆ ಪರೀಕ್ಷಿಸಬಹುದಾದ ಒಂದು ಪ್ರಶ್ನೆ ಇದೇ ಸೀಮೆಯಲ್ಲಿದೆ. ಮುಂಗಾರಿನ ಸೋಯಾ ಕಟಾವಿಗೆ ಬರುವ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ರಾಶಿ ಮಾಡಿದ ಕಾಳಿನಲ್ಲಿ ತೇವ ಹೆಚ್ಚು. ಅಡತಿ ಅಂಗಡಿಯಲ್ಲಿ ಮೀಟರಿಗೆ ಕಾಳು ಹಾಕುತ್ತಾರೆ, ತೇವ ನೋಡಿ ದರ ಇಳಿಸುತ್ತಾರೆ. ಬೆಂಬಲ ಬೆಲೆಯ ಖರೀದಿಗೆ ಶೇ. 12ರ ಮಿತಿ ಇದೆ. 2024ರಲ್ಲಿ ಕೇಂದ್ರ ಅದನ್ನು ಆ ಹಂಗಾಮಿಗೆ 15ಕ್ಕೆ ಸಡಿಲಿಸಿತ್ತು. ರೈತನ ಮುಂದಿರುವ ಪ್ರಶ್ನೆ ಇಷ್ಟೇ: ಇವತ್ತೇ ಮಾರಲೋ, ತಾಡಪತ್ರಿಯ ಮೇಲೆ ಹರವಿ ಒಣಗಿಸಿ ಮಾರಲೋ?

ಒಂದು ಲೆಕ್ಕ ಹಾಕೋಣ. ಧಾರಣೆ, ಕೂಲಿ ಎರಡೂ ಉದಾಹರಣೆಗೆ ಹಿಡಿದವು. ಶೇ. 16 ತೇವದ 20 ಕ್ವಿಂಟಲ್ ಇದೆ. ಇವತ್ತಿನ ದರ 4100, ಕೈಗೆ 82,000 ರೂಪಾಯಿ. ಶೇ. 12ಕ್ಕೆ ಒಣಗಿಸಿದರೆ 4400 ಸಿಗುತ್ತದೆ. ಆಗ ತೂಕ ಎಷ್ಟಿರುತ್ತದೆ? 16ರಿಂದ 12 ಕಳೆದರೆ 4, ಹಾಗಾದರೆ ತೂಕದಲ್ಲಿ ಶೇ. 4 ಕಡಿಮೆ, 19.2 ಕ್ವಿಂಟಲ್ ಎಂದು ಬಹುಪಾಲು ಜನ ಹೇಳುತ್ತಾರೆ. ಇದು ತಪ್ಪು. ಒಣಗುವಾಗ ಬದಲಾಗದೆ ಉಳಿಯುವುದು ಕಾಳಿನ ಒಣ ಭಾಗ ಮಾತ್ರ. ಈಗ ನೂರರಲ್ಲಿ 84 ಒಣ ಭಾಗ; ಒಣಗಿದ ಮೇಲೆ ಅದೇ ಒಣ ಭಾಗ ನೂರರಲ್ಲಿ 88 ಆಗಬೇಕು.

```js
function dryWeight(qtl, m1, m2) {
  return qtl * (100 - m1) / (100 - m2);
}
dryWeight(20, 16, 12); // 19.09
```

19.09 ಕ್ವಿಂಟಲಿಗೆ 84,000 ರೂಪಾಯಿ. ಹರವಲು, ತಿರುವಲು, ಮತ್ತೆ ಚೀಲ ತುಂಬಲು ಇಬ್ಬರಿಗೆ ಎರಡು ದಿನದ ಕೂಲಿ ದಿನಕ್ಕೆ 400ರಂತೆ 1600 ಕಳೆಯಿರಿ. ಉಳಿಯುವುದು 400. ತಪ್ಪು ಲೆಕ್ಕದವನಿಗೆ ಇದೇ ಲಾಭ 880 ಎಂದು ಕಂಡಿರುತ್ತದೆ. ಇನ್ನೊಂದು ದಿನ ಹೆಚ್ಚಿಗೆ ಬಿಸಿಲಿಗೆ ಬಿಟ್ಟು ತೇವ 10ಕ್ಕೆ ಇಳಿಯಿತೆನ್ನಿ. ತೂಕ 18.67ಕ್ಕೆ ಬರುತ್ತದೆ, ದರ ಏರುವುದಿಲ್ಲ, ಸುಮಾರು 1,900 ರೂಪಾಯಿ ಗಾಳಿಗೆ ಹೋಗುತ್ತದೆ. ಆಗ ಇವತ್ತೇ ಮಾರಿದ್ದರೆ ವಾಸಿಯಿತ್ತು.

ಹಾಗಾಗಿ ಪರದೆಯ ಮೇಲೆ ರೈತನಿಗೆ ಬೇಕಾದದ್ದು ಲಾಭದ ಅಂಕಿಯಲ್ಲ, ಒಂದು ಗಡಿ: ಒಣಗಿಸಿದ ಕಾಳಿಗೆ ಕ್ವಿಂಟಲಿಗೆ 4379 ದಾಟಿದರೆ ಮಾತ್ರ ಒಣಗಿಸಿ. ಅಡತಿಯವರನ್ನು ಕೇಳಿ ಆ ಸಂಖ್ಯೆಯೊಂದಿಗೆ ಅವನು ತಾನೇ ತಾಳೆ ನೋಡಬಹುದು. ಮೂರನೆಯ ಉತ್ತರವೂ ಇರಬೇಕು. ಚೀಲದ ಮೇಲಿನ ಕಾಳು ಬೇರೆ, ನಡುವಿನದು ಬೇರೆ, ಒಂದು ಮೀಟರಿಗೂ ಇನ್ನೊಂದಕ್ಕೂ ವ್ಯತ್ಯಾಸ. ತೇವ ಶೇಕಡಾ ಒಂದೇ ಒಂದು ಅಂಶ ಆಚೀಚೆಯಾದರೂ ಈ ಉದಾಹರಣೆಯಲ್ಲಿ ಸಾವಿರ ರೂಪಾಯಿ ಅಲುಗುತ್ತದೆ. ಲಾಭ 400 ಇರುವಾಗ ‘ಎರಡೂ ಹತ್ತಿರವಿದೆ, ಚೀಲದ ನಡುವಿನ ಕಾಳು ತೆಗೆದು ಮತ್ತೊಮ್ಮೆ ಅಳೆಯಿರಿ’ ಎನ್ನುವುದೇ ಸರಿಯಾದ ಉತ್ತರ. ತೀರ್ಪುಗಾರರಿಗೆ ಇದು ಅರೆಬರೆ ಕೆಲಸದಂತೆ ಕಾಣಬಹುದು. ಕಾಣಲಿ.

ಕೋಡ್ ಎಷ್ಟು ಚಿಕ್ಕದು ನೋಡಿ. ಲಾಗಿನ್ ಇಲ್ಲದ ಒಂದೇ ಪುಟ, ಶನಿವಾರ ಮಧ್ಯಾಹ್ನದ ಕೆಲಸ. ಉಳಿದ ಮೂವರ ಕೆಲಸ ಅದಕ್ಕಿಂತ ಕಠಿಣ. ಒಬ್ಬರು ಶನಿವಾರ ಬೆಳಿಗ್ಗೆಯೇ ಎಪಿಎಂಸಿ ಯಾರ್ಡಿಗೆ ಹೋಗಬೇಕು, ಎಷ್ಟು ತೇವಕ್ಕೆ ಎಷ್ಟು ಇಳಿಸುತ್ತಾರೆ, ದರದಲ್ಲಿ ಮುರಿಯುತ್ತಾರೋ ತೂಕದಲ್ಲಿ ಮುರಿಯುತ್ತಾರೋ ಎಂದು ದಲಾಲರನ್ನೂ ಹಮಾಲರನ್ನೂ ಬೇರೆ ಬೇರೆಯಾಗಿ ಕೇಳಬೇಕು. ದರದಲ್ಲೂ ತೂಕದಲ್ಲೂ ಮುರಿಯುತ್ತಾರೆಂದರೆ ಮೇಲಿನ ಸೂತ್ರದ ಮೊದಲ ಸಾಲೇ ಬದಲಾಗುತ್ತದೆ, ಆದ್ದರಿಂದ ಕೋಡ್ ಬರೆಯುವವರು ಈ ಸುದ್ದಿಗೆ ಕಾಯಬೇಕು. ಕಾಮರ್ಸ್ ಓದಿದವರು ಕ್ಯಾಲ್ಕುಲೇಟರ್ ಹಿಡಿದು ಹತ್ತಾರು ಉದಾಹರಣೆಗಳನ್ನು ಕಾಗದದ ಮೇಲೆ ಬಿಡಿಸಿಟ್ಟಿರಬೇಕು, ಎರಡೋ ಮೂರೋ ಹಳೆಯ ತಕ್‌ಪಟ್ಟಿಗಳನ್ನೂ ಸೇರಿಸಿ. ಪುಟದ ಉತ್ತರ ಆ ಕಾಗದಕ್ಕೆ ಹೊಂದದಿದ್ದರೆ ಪುಟ ತಪ್ಪು. ನಾಲ್ಕನೆಯವರು ಭಾನುವಾರ ಬೆಳಿಗ್ಗೆ ಅದನ್ನು ಯಾರಾದರೂ ರೈತರ ಕೈಗೆ ಕೊಟ್ಟು ತಾವು ಸುಮ್ಮನಿರಬೇಕು. ‘ತೇವಾಂಶ’ ಎಂಬ ಖಾನೆಯ ಮುಂದೆ ಬೆರಳು ನಿಂತರೆ ಆ ಖಾನೆಯನ್ನು ಮತ್ತೆ ಬರೆಯಬೇಕು.

ಒಣಗಲು ಎಷ್ಟು ದಿನ ಎಂಬುದನ್ನು ಪುಟ ಊಹಿಸಬಾರದು, ಕೇಳಬೇಕು. ಕಿತ್ತೂರು ಮಲೆನಾಡಿನ ಸೆರಗು, ರಾಮದುರ್ಗ ಬಯಲುಸೀಮೆ. ಒಂದೇ ವಾರದಲ್ಲಿ ಅಲ್ಲಿ ಮೋಡ, ಇಲ್ಲಿ ಬಿಸಿಲು. ಎರಡು ದಿನದ ಕೂಲಿ ನಾಲ್ಕು ದಿನದ್ದಾದರೆ ನಮ್ಮ ಉದಾಹರಣೆಯಲ್ಲಿ 400 ಲಾಭದ ಬದಲು 1200 ನಷ್ಟ.

ರಾಮದುರ್ಗದ ಹುಡುಗರು ಇಷ್ಟಕ್ಕೆ ಒಪ್ಪದಿರಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆ ಕಂಡವರು ನವಿಲುತೀರ್ಥದಿಂದ ನೀರು ಬಿಟ್ಟಾಗ ಎಚ್ಚರಿಸುವ ಆ್ಯಪನ್ನೇ ಮಾಡಬೇಕೆಂದರೆ ಆ ಆಸೆ ನ್ಯಾಯವಾದದ್ದು. ಆದರೂ ಎರಡು ದಿನದಲ್ಲಿ ಬೇಡ ಎನ್ನುತ್ತೇನೆ. ಅದರ ಪರೀಕ್ಷೆಗೆ ಮುಂದಿನ ನೆರೆಯೇ ಬರಬೇಕು, ಅಂದು ಅದು ಸುಮ್ಮನಿದ್ದರೆ ಅದನ್ನೇ ನಂಬಿದವರು ಮನೆಯಲ್ಲೇ ಉಳಿದಿರುತ್ತಾರೆ. ಬೇಕಿದ್ದರೆ ವಾರಾಂತ್ಯದಲ್ಲಿ ಅದರ ಒಂದು ತುಂಡು ಮಾಡಬಹುದು: 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನದಿದಂಡೆಯ ಒಂದು ಓಣಿಯ ಹಿರಿಯರನ್ನು ಕೇಳಿ, ಗೋಡೆಯ ಗುರುತು ಅಳೆದು, ನಕ್ಷೆಯಲ್ಲಿ ಮನೆಮನೆಗೂ ನಮೂದಿಸುವುದು. ಅದನ್ನು ಮರುದಿನ ಪಕ್ಕದ ಮನೆಯವರನ್ನು ಕೇಳಿ ತಾಳೆ ನೋಡಬಹುದು.