ಮುಕ್ತಛಂದಸ್ಸೂ ಪದಮಿತಿಯೂ

ಪರಿಸರವನ್ನು ಕುರಿತ ಮುಕ್ತಛಂದದ ಕವಿತೆಗೆ ವಿಶ್ವವಿದ್ಯಾನಿಲಯದ ಪತ್ರಿಕೆಯೊಂದು 40 ಪದಗಳ ಮಿತಿಯನ್ನು ವಿಧಿಸಿತೆಂದರೆ, ಮೊದಲು ಏಳುವ ಪ್ರಶ್ನೆಯು ಕಾವ್ಯದ್ದಲ್ಲ, ವ್ಯಾಕರಣದ್ದು. ಕನ್ನಡದಲ್ಲಿ ಒಂದು ಪದವೆಂದು ಎಣಿಸತಕ್ಕುದು ಯಾವುದನ್ನು? ಕಂದಪದ್ಯಕ್ಕೆ ಈ ತೊಡಕಿಲ್ಲ. ಅದರ ನಾಲ್ಕು ಪಾದಗಳಿಗೆ 12, 20, 12, 20ರಂತೆ ಒಟ್ಟು 64 ಮಾತ್ರೆಗಳು. ‘ಜಲ ಧಾರೆ’ಯೆಂದು ಬಿಡಿಸಿ ಬರೆದರೂ ‘ಜಲಧಾರೆ’ಯೆಂದು ಕೂಡಿಸಿದರೂ ಉಚ್ಚಾರಣೆಯ ಕಾಲವು ಐದೇ ಮಾತ್ರೆ. ಪದಗಳ ಲೆಕ್ಕದಲ್ಲಾದರೋ ಸಮಾಸವು ಅಗ್ಗದ ಸರಕಾಗುತ್ತದೆ.

ಕೊಣ್ಣೂರಿನ ಸಮೀಪದ ಗೋಕಾಕ ಜಲಪಾತವನ್ನೇ ವಸ್ತುವಾಗಿ ಇಟ್ಟುಕೊಂಡು ಎರಡು ಮಾದರಿಗಳನ್ನು ರಚಿಸಿ ನೋಡಬಹುದು. ಮೊದಲನೆಯದು:

ಘೋರಗರ್ಜನೆಗೈವ ಘಟಪ್ರಭಾಜಲಧಾರೆ

ಅಚ್ಚಿನಲ್ಲಿ ಇದು ಎರಡೇ ಪದ, ಬಿಡಿಸಿದರೆ ಆರು. ಮಿತಿಯೊಳಗೆ ಬಹಳವನ್ನು ತುಂಬಿದಂತೆ ತೋರುವುದಾದರೂ ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಪರೀಕ್ಷೆಯು ಸುಲಭ: ‘ಘಟಪ್ರಭಾ’ ಎಂಬುದನ್ನು ತೆಗೆದು ‘ಶರಾವತೀ’ ಎಂದಿರಿಸಿದರೂ ಪಂಕ್ತಿಗೆ ಯಾವ ನೋವೂ ಆಗದು. ಯಾವ ಹೊಳೆಗೂ ಒಪ್ಪುವ ಮಾತು ಈ ಹೊಳೆಯದಾಗಲಾರದು.

ಆ ಸ್ಥಳದ ಸಂಗತಿಯೇ ಬೇರೆ. ಸುಮಾರು 170 ಅಡಿಗಳ ಕೆಳಕ್ಕೆ ಬೀಳುವ ಘಟಪ್ರಭೆಯು ಮಳೆಗಾಲದಲ್ಲಿ ಕೆಂಪಾಗಿ ತುಂಬಿ ಹರಿದು, ಬೇಸಗೆಯಲ್ಲಿ ಸೊರಗಿ ಬಂಡೆಯನ್ನು ಬತ್ತಲೆಯಾಗಿ ಬಿಡುತ್ತದೆ. ಮೇಲುಗಡೆ ಧೂಪದಾಳದ ಒಡ್ಡಿನಲ್ಲಿ ನೀರು ಕಾಲುವೆಯ ಪಾಲಾಗುತ್ತದೆ. ಜಲಪಾತದ ಬಳಿಯಲ್ಲಿಯೇ ನೂಲಿನ ಗಿರಣಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನೆಲೆಗೊಂಡು, ಇದೇ ನೀರಿನ ಬಲದಿಂದ ತಿರುಗಿತು. ಇಷ್ಟನ್ನು ಬಲ್ಲ ಕವಿಯು ಹೀಗೆ ಬರೆಯಬಹುದು:

ಕದಿರಿಗೆ ಸುತ್ತಿ ಉಳಿದ ಒಂದೆಳೆ
ಬಂಡೆಯ ಮೇಲೆ ಹೊಳೆ

ಇಲ್ಲಿ ವಿಶೇಷಣವೇ ಇಲ್ಲವೆನ್ನಬಹುದು. ನೀರನ್ನು ನೂಲಿಗೆ ಹೋಲಿಸುವುದು ಹೊಸದೇನಲ್ಲ. ಆ ನೂಲನ್ನು ಗಿರಣಿಯ ಕದಿರಿಗೆ ತಗುಲಿಸಿರುವುದು ಹೊಸದು. ಹೊಳೆಯು ಏತಕ್ಕೆ ಸೊರಗಿತೆಂಬ ಕಾರಣವೂ ಪ್ರತಿಮೆಯೊಳಗೇ ಅಡಗಿರುವುದರಿಂದ, ‘ಅಯ್ಯೋ, ಪ್ರಕೃತಿಯೇ’ ಎಂಬ ಉದ್ಗಾರಕ್ಕಾಗಿ ಪದಗಳನ್ನು ವ್ಯಯಮಾಡಬೇಕಾಗಿಲ್ಲ. ಆದರೆ ಪ್ರತಿಮೆಯು ಕಾರಣವನ್ನು ಪೂರ್ತಿಯಾಗಿ ಹೇಳುವುದಿಲ್ಲವೆಂಬುದನ್ನೂ ಒಪ್ಪಬೇಕು. ಕಾಲುವೆಗೆ ಹೋದ ನೀರು ಇದರಲ್ಲಿ ಸೇರಿಲ್ಲ. ಬೇಸಗೆಯ ಸಹಜವಾದ ಬರವೂ ಸೇರಿಲ್ಲ. ಗಿರಣಿಯೊಂದೇ ಹೊಳೆಯನ್ನು ಕುಡಿಯಿತೆಂದು ಓದುಗನು ತಿಳಿದರೆ ಅದು ಅನ್ಯಾಯವೇ ಸರಿ. ಉಳಿದ ಪಂಕ್ತಿಗಳಲ್ಲಿ ಕವಿಯು ತೀರಿಸಬೇಕಾದ ಸಾಲವಿದು.

ಗಿರಣಿಯನ್ನು ಕಾಣದ ಓದುಗನಿಗೆ ‘ಕದಿರು’ ಚರಕದ್ದೆಂದು ತೋರೀತು. ‘ಗೋಕಾಕ, ಬೇಸಗೆ’ ಎಂಬ ಶೀರ್ಷಿಕೆಯು ಸ್ವಲ್ಪ ಮಟ್ಟಿಗೆ ಆ ಕೊರತೆಯನ್ನು ತುಂಬುತ್ತದೆ. ಶೀರ್ಷಿಕೆಯು ಲೆಕ್ಕಕ್ಕೆ ಸೇರುವುದೋ ಇಲ್ಲವೋ ಎಂಬುದನ್ನು ಸಂಪಾದಕರು ಮೊದಲೇ ತಿಳಿಸುವುದು ಯುಕ್ತ. ‘ಎಳೆ’, ‘ಹೊಳೆ’ಗಳ ಪ್ರಾಸವು ತಾನಾಗಿ ಬಂದುದು, ಅದನ್ನು ಮುಂದಿನ ಪಂಕ್ತಿಗಳಿಗೂ ಎಳೆದರೆ ಮುಕ್ತಛಂದಸ್ಸು ಮುಕ್ತವಾಗಿ ಉಳಿಯದು. ಇನ್ನು ಎಣಿಕೆಯ ವಿಷಯದಲ್ಲಿ, ಈ ಮಾದರಿಯೂ ನಿರ್ದೋಷಿಯಲ್ಲ: ಅಚ್ಚಿನಲ್ಲಿ ಏಳು ಪದಗಳು, ‘ಒಂದೆಳೆ’ಯನ್ನು ಬಿಡಿಸಿದರೆ ಎಂಟು.