ಹಸಿರು ಅಭ್ರಕದೊಳಗಿನ ಕೆಂಪು

ಈ ವಾರ ನೀಲದ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅದನ್ನು ಮೊದಲು ಮುಗಿಸುತ್ತೇನೆ. ಅಪ್ಪಟ ಕುರಂದಕ್ಕೆ ಬಣ್ಣವಿಲ್ಲ. ಅದರಲ್ಲಿ ಇರುವುದು ಅಲ್ಯೂಮಿನಿಯಂ ಮತ್ತು ಆಮ್ಲಜನಕ ಮಾತ್ರ. ಅಲ್ಯೂಮಿನಿಯಂ ಕೂರಬೇಕಾದ ಜಾಗದಲ್ಲಿ ಕಬ್ಬಿಣವೂ ಟೈಟಾನಿಯಮ್ಮೂ ಅಕ್ಕಪಕ್ಕ ಬಂದು ಕೂತರೆ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ಜಿಗಿಯುತ್ತದೆ. ಆ ಜಿಗಿತಕ್ಕೆ ಬೆಳಕಿನ ಹಳದಿ, ಕೆಂಪು ಭಾಗ ಖರ್ಚಾಗಿ ನೀಲಿ ಉಳಿಯುತ್ತದೆ. ಶೇಕಡಾ ಒಂದರ ನೂರನೇ ಒಂದೆರಡು ಪಾಲಿದ್ದರೂ ಸಾಕು, ಕಲ್ಲು ನೀಲವಾಗುತ್ತದೆ.

ನೀಲವನ್ನು ಇಲ್ಲಿಗೇ ಬಿಡುತ್ತೇನೆ. ಬರೆಯುವ ಮೇಜಿನ ಮೇಲೆ ನಮ್ಮ ಮೈಸೂರು ಸೀಮೆಯದೇ ಒಂದು ಕಲ್ಲಿದೆ, ಮನಸ್ಸು ಅದರ ಮೇಲೆಯೇ ನೆಟ್ಟಿದೆ. ಹಸಿರು ಅಭ್ರಕದ ನಡುವೆ ಆರು ಮೂಲೆಯ ಕೆಂಪು ಕುರಂದ, ಅದರ ಸುತ್ತ ತೆಳುವಾದ ನೀಲಿ ಕಯನೈಟ್ ಅಂಚು. ಕೆಂಪನ್ನೂ ಹಸಿರನ್ನೂ ಕೊಟ್ಟದ್ದು ಒಂದೇ ಧಾತು, ಕ್ರೋಮಿಯಂ. ಕುರಂದದಲ್ಲಿ ಆರು ಆಮ್ಲಜನಕಗಳು ಕ್ರೋಮಿಯಮ್ಮನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತವೆ. ಹೀಗೆ ಇಕ್ಕಟ್ಟಿನಲ್ಲಿರುವ ಕ್ರೋಮಿಯಂ ನೇರಳೆಯನ್ನೂ ಹಳದಿ-ಹಸಿರನ್ನೂ ನುಂಗಿ ಕೆಂಪನ್ನು ಬಿಡುತ್ತದೆ. ಅಭ್ರಕದಲ್ಲಿ ಜಾಗ ಕೊಂಚ ಸಡಿಲ, ಅಲ್ಲಿ ಅದೇ ಕ್ರೋಮಿಯಂ ಹಸಿರನ್ನು ಬಿಡುತ್ತದೆ.

ಇಷ್ಟು ಕ್ರೋಮಿಯಂ ಬಂದದ್ದೆಲ್ಲಿಂದ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನಿಂದ ನಂಜನಗೂಡಿನ ಕಡೆಗೆ ಸಾಗುವ ನೆಲದಲ್ಲಿ, ಸಿಂಧುವಳ್ಳಿಯ ಸುತ್ತ, ಕ್ರೋಮೈಟ್ ಅದಿರನ್ನೇ ಅಗೆದಿದ್ದಾರೆ. ನಂಜನಗೂಡು, ಟಿ. ನರಸೀಪುರದ ಹೊಲಗಳಲ್ಲಿ ಕುರಂದದ ಹರಳುಗಳು ಶಿಥಿಲಗೊಂಡ ಬಂಡೆಯಿಂದ ಕಳಚಿ ಮಣ್ಣಿಗೆ ಬೀಳುತ್ತವೆ. ಬಹುಪಾಲು ಬೂದು ಅಥವಾ ಮಂಕು ನೇರಳೆ ಬಣ್ಣದವು, ಉಜ್ಜುವ ಪುಡಿಗೇ ಸರಿ. ಕೆಂಪಿರುವವೂ ಪಾರದರ್ಶಕವಲ್ಲ, ಏಕೆಂದರೆ ಒಳಗೆಲ್ಲ ಬಿರುಕು, ಸೂಜಿಯಂಥ ಸೇರ್ಪಡೆಗಳು. ಆ ಸೂಜಿಗಳು ಮೂರು ದಿಕ್ಕಿಗೆ ಸಾಲುಗಟ್ಟಿದ್ದರೆ, ಉಬ್ಬಾಗಿ ನಯಗೊಳಿಸಿದ ಕಲ್ಲಿನ ಮೇಲೆ ಆರು ಗೆರೆಯ ನಕ್ಷತ್ರ ಏಳುತ್ತದೆ. ಅದೇ ನಮ್ಮ ಸ್ಟಾರ್ ರೂಬಿ.

ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಪದ್ಮರಾಗ ಹುಟ್ಟುವ ಮೂರು ಮೂಲಗಳನ್ನು ಹೇಳುವಾಗ ಕುರುವಿಂದವನ್ನೂ ಸೇರಿಸುತ್ತಾನೆ. ಒರಟು ಕುರುವಿಂದಕ್ಕೂ ಮಾಣಿಕ್ಯಕ್ಕೂ ನಂಟಿದೆ ಎಂಬುದು ಆರನೆಯ ಶತಮಾನಕ್ಕೇ ಹೊಳೆದಿತ್ತು. ನಮ್ಮ ಕಾಲದ ಕೆಲವು ಪರೀಕ್ಷಕರಿಗೆ ಆ ಕಣ್ಣು ಇಲ್ಲದಿರುವುದು ನನಗೆ ಬಹುದಿನದ ನೋವು. ಹಾಲಿನಲ್ಲಿ ಹಾಕಿದರೆ ಹಾಲು ಕೆಂಪಾಗಬೇಕು, ಗಾಜನ್ನು ಗೀಚಬೇಕು, ಅಜ್ಜಿಯ ಕಾಲದ ಓಲೆಯಾದ್ದರಿಂದ ಕೆಂಪು ಅಸಲಿಯೇ ಎನ್ನುವ ಪಂಥ ಇನ್ನೂ ಗಟ್ಟಿಯಾಗಿದೆ. ಫ್ರಾನ್ಸಿನ ಆಗುಸ್ತ್ ವೆರ್ನ್ಯೂಯಿ ತಾನು ಮಾಣಿಕ್ಯ ತಯಾರಿಸುವ ಬಗೆಯನ್ನು 1902ರಲ್ಲೇ ಪ್ರಕಟಿಸಿದ್ದ. ಅಲ್ಯೂಮಿನ ಪುಡಿಗೆ ಚೂರು ಕ್ರೋಮಿಯಂ ಆಕ್ಸೈಡ್ ಬೆರೆಸಿ, ಸುಮಾರು 2050 ಡಿಗ್ರಿಯಲ್ಲಿ ಕರಗುವಂತೆ ಜ್ವಾಲೆಯ ಮೂಲಕ ಉದುರಿಸುವುದು, ಕೆಳಗೆ ಹನಿಹನಿಯಾಗಿ ಹರಳು ಬೆಳೆಸುವುದು ಅವನ ಕ್ರಮ. ಆದ್ದರಿಂದ ಅಜ್ಜಿಯ ಓಲೆಯಲ್ಲೂ ಕಾರ್ಖಾನೆಯ ಕಲ್ಲಿರಬಹುದು. ಅದೂ ಕುರಂದವೇ ಆದ್ದರಿಂದ ಗಡಸುತನ 9, ಸಾಂದ್ರತೆ 4, ವಕ್ರೀಭವನಾಂಕ 1.76ರಿಂದ 1.77. ಗಣಿಯ ಕಲ್ಲಿಗೂ ಇವೇ ಅಂಕಿಗಳು. ಗೀಚುವುದರಿಂದ, ತೂಗುವುದರಿಂದ ಏನೂ ತಿಳಿಯದು.

ವ್ಯತ್ಯಾಸವಿರುವುದು ಬೆಳೆದ ರೀತಿಯಲ್ಲಿ. ಲೂಪ್ ಹಿಡಿದು, ಕಲ್ಲಿನ ಹಿಂದೆ ಬಿಳಿ ಕಾಗದವಿಟ್ಟು, ನಿಧಾನವಾಗಿ ತಿರುಗಿಸಿ. ನೆಲದಲ್ಲಿ ಬೆಳೆದ ಹರಳಿನಲ್ಲಿ ಬಣ್ಣದ ಪಟ್ಟಿಗಳು ನೇರವಾಗಿದ್ದು, 120 ಡಿಗ್ರಿ ಕೋನದಲ್ಲಿ ತಿರುಗುತ್ತವೆ. ಜ್ವಾಲೆಯ ಹರಳಿನ ಮೇಲ್ಮೈ ಬೆಳೆಯುವಾಗ ಉಬ್ಬಾಗಿರುವುದರಿಂದ ಅದರಲ್ಲಿ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿದ ಸಾಲುಗಳು, ನಡುವೆ ಗುಂಡು ಗಾಳಿಗುಳ್ಳೆಗಳು. ಬಾಗಿದ ಗೆರೆ ಕಂಡರೆ ತೀರ್ಪು ಮುಗಿಯಿತು. ಕಾಣದಿದ್ದರೆ ಮುಗಿಯಲಿಲ್ಲ; ಗೆರೆಗಳು ಒಂದೇ ದಿಕ್ಕಿನಿಂದ ಕಾಣುವಂಥವು, ಚೆನ್ನಾಗಿ ಕತ್ತರಿಸಿದ ಕಲ್ಲಿನಲ್ಲಿ ಅಡಗಿಬಿಡುತ್ತವೆ.

ನೇರಳಾತೀತ ದೀಪವೂ ಸುಳಿವು ಕೊಡುತ್ತದೆ. ಕಬ್ಬಿಣ ಹೊಳಪನ್ನು ಅಡಗಿಸುವುದರಿಂದ ಕಬ್ಬಿಣ ಹೆಚ್ಚಿರುವ ಮೈಸೂರಿನ ಕೆಂಪು ಮಂಕಾಗಿರುತ್ತದೆ, ಕಬ್ಬಿಣವಿಲ್ಲದ ಕೃತಕ ಮಾಣಿಕ್ಯ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಆದರೆ ಬರ್ಮಾದ ನೈಸರ್ಗಿಕ ಮಾಣಿಕ್ಯದಲ್ಲೂ ಕಬ್ಬಿಣ ಕಡಿಮೆಯಾದ್ದರಿಂದ ಅದೂ ಹಾಗೆಯೇ ಹೊಳೆಯುತ್ತದೆ. ದೀಪವೊಂದನ್ನೇ ನಂಬಬಾರದು. ದ್ರಾವಕದಲ್ಲಿ ನಿಧಾನವಾಗಿ ಬೆಳೆಸಿದ ಫ್ಲಕ್ಸ್ ಮಾಣಿಕ್ಯದಲ್ಲಿ ಬಾಗಿದ ಗೆರೆಗಳೇ ಇರುವುದಿಲ್ಲ. ಅದರೊಳಗಿನ ತೆರೆತೆರೆಯಾದ ಫ್ಲಕ್ಸ್, ಕೆಲವೊಮ್ಮೆ ಪ್ಲಾಟಿನಂ ಚೂರುಗಳು ಗುಟ್ಟು ಬಿಡಬೇಕು. ಅದೂ ಸಿಗದಿದ್ದರೆ ಪ್ರಯೋಗಾಲಯದಲ್ಲಿ ಕಬ್ಬಿಣ, ಗ್ಯಾಲಿಯಂ, ವೆನೇಡಿಯಮ್ಮಿನ ಪ್ರಮಾಣ ಅಳೆಯಬೇಕು.

ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ನಂಜನಗೂಡಿನ ಕಡೆಯ ಕಲ್ಲೆಂದು ಯಾರಾದರೂ ಕಲೆಯಿಲ್ಲದ, ಬಿರುಕಿಲ್ಲದ, ಪಾರದರ್ಶಕ ಕೆಂಪು ಕೊಟ್ಟರೆ, ಬಾಗಿದ ಗೆರೆಗಳನ್ನು ಹುಡುಕದೆ ಹಣ ಕೊಡಬೇಡಿ.