ಪಟ್ಟಿ ಹಿಂದಕ್ಕೆ ತೆಗೆದುಕೊಳ್ಳುವ ಹೊತ್ತು

ಕೊಡ್ಲಿ ಕಡೆಯ ಒಂದು ಐದನೇ ತರಗತಿಯನ್ನು ಕಲ್ಪಿಸಿಕೊಳ್ಳಿ. 2/3 ದೊಡ್ಡದೋ 3/4 ದೊಡ್ಡದೋ ಎಂದು ಮಾಸ್ತರರು ಕೇಳುತ್ತಾರೆ. ಒಬ್ಬ ಹುಡುಗ 3/4 ಅನ್ನುತ್ತಾನೆ. ಮೂರು, ನಾಕು ದೊಡ್ಡ ಅಂಕಿ ಅನ್ನುವುದು ಅವನ ಕಾರಣ. ಪಕ್ಕದ ಹುಡುಗಿ, "ಎರಡೂ ಒಂದೇ ರೀ ಸರ್, ಎರಡರಾಗೂ ಒಂದೊಂದೇ ತುಂಡು ಉಳೀತದ" ಅನ್ನುತ್ತಾಳೆ. ಹುಡುಗನಿಗೆ ಸರಿ ಗುರುತು, ಹುಡುಗಿಗೆ ತಪ್ಪು ಗುರುತು ಬೀಳುತ್ತದೆ. ಆದರೆ ಭಿನ್ನರಾಶಿಗೆ ಹತ್ತಿರ ಇರುವವಳು ಹುಡುಗಿ. ಇಡಿಯಾದದ್ದಕ್ಕೆ ಎಷ್ಟು ಕಡಿಮೆ ಬಿತ್ತು ಎಂದು ಅವಳು ನೋಡಿದ್ದಾಳೆ, ಉಳಿದ ತುಂಡಿನ ಅಳತೆಯನ್ನಷ್ಟೇ ನೋಡಿಲ್ಲ. ಹುಡುಗನಿಗೆ 2/3 ಮತ್ತು 3/8 ಕೊಟ್ಟು ನೋಡಿ: ಅದೇ ಕಾರಣಕ್ಕೆ 3/8 ದೊಡ್ಡದು ಅನ್ನುತ್ತಾನೆ.

1934ರಲ್ಲಿ ತೀರಿಕೊಂಡ ರಷ್ಯದ ಲೆವ್ ವೈಗೋಟ್‌ಸ್ಕಿ ಸಮೀಪ ವಿಕಾಸ ವಲಯ ಎಂದದ್ದು ಇಂಥ ಅಂತರಕ್ಕೇ. ಮಗು ಒಂಟಿಯಾಗಿ ಮಾಡುವುದಕ್ಕೂ, ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗ ಅದು. ಅದನ್ನು ಅಳೆಯಬೇಕಾದರೆ ನೆರವು ಕೊಟ್ಟು ನೋಡಲೇಬೇಕು. ಕೊಡುವ ಕ್ರಮಕ್ಕೆ ಸ್ಕ್ಯಾಫೋಲ್ಡಿಂಗ್, ಅಂದರೆ ಗೌಂಡಿಗಳ ಸಾರವೆ, ಎಂಬ ಹೆಸರು ಅವನದಲ್ಲ. 1976ರಲ್ಲಿ ವುಡ್, ಬ್ರೂನರ್, ರಾಸ್ ಬರೆದ ಲೇಖನದ್ದು. ವುಡ್ ಮುಂದೆ ಅದಕ್ಕೊಂದು ಸರಳ ನಿಯಮ ಹೇಳಿದ: ಮಗು ಎಡವಿದರೆ ನೆರವು ಒಂದು ಮೆಟ್ಟಿಲು ಹೆಚ್ಚಲಿ, ಗೆದ್ದರೆ ಒಂದು ಮೆಟ್ಟಿಲು ಇಳಿಯಲಿ.

ಆ ಹುಡುಗಿಗೆ ಇದನ್ನು ಅನ್ವಯಿಸೋಣ. ಮೊದಲು ಬರೀ ಮಾತು: "ಉಳಿದ ಎರಡೂ ತುಂಡು ಒಂದೇ ಅಳತೆ ಇರ್ತಾವೇನವಾ?" ಇಷ್ಟಕ್ಕೇ ಅವಳು ತಡವರಿಸಿ ತಿದ್ದಿಕೊಂಡರೆ ಬೇರೆ ನೆರವೇ ಬೇಡ. ಇಲ್ಲವಾದರೆ 24 ಸೆಂಟಿಮೀಟರಿನ ಎರಡು ಕಾಗದದ ಪಟ್ಟಿ ಕೈಗೆ ಕೊಟ್ಟು, ಒಂದರಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು ಸಮಭಾಗ ಮಾಡಲು ಹೇಳಬೇಕು. ನಾಲ್ಕು ಸುಲಭ: ಅರ್ಧ ಮಡಿಸಿ ಮತ್ತೆ ಅರ್ಧ. ಮೂರು ಮಡಿಸುವಾಗ ಕೈ ತಪ್ಪುತ್ತದೆ, ಒಂದು ಮಡಿಕೆ ಗಿಡ್ಡವಾಗುತ್ತದೆ. ಮಾಸ್ತರರು ಪಟ್ಟಿ ಕಿತ್ತುಕೊಂಡು ತಾವೇ ಮಡಿಸುವುದು ಇಲ್ಲೇ. ಅದು ಮೂರನೇ ಮೆಟ್ಟಿಲು, ಅಷ್ಟು ಬೇಗ ಬೇಕಿಲ್ಲ, "ಮೂರೂ ಸಮ ಅದಾವೇನು?" ಅಂದರೆ ಸಾಕು. ಕೊನೆಗೆ ಉಳಿದ ತುಂಡು ಒಂದರಲ್ಲಿ 8, ಇನ್ನೊಂದರಲ್ಲಿ 6 ಸೆಂಟಿಮೀಟರ್. ಕಡಿಮೆ ಉಳಿದದ್ದೇ ದೊಡ್ಡದು ಎಂದು ಅವಳ ಬಾಯಿಂದ ಬರಬೇಕು.

ಬಂದ ಕೂಡಲೇ ಪಟ್ಟಿ ಹಿಂದಕ್ಕೆ ತೆಗೆದುಕೊಂಡು 5/6, 6/7 ಕೇಳಬೇಕು. ನಾನು ಕಂಡಂತೆ ನಮ್ಮ ತರಗತಿಗಳು ಸೋಲುವುದು ನೆರವು ಕೊಡುವಲ್ಲಿ ಅಲ್ಲ, ಈ ಹಿಂತೆಗೆತದಲ್ಲಿ.

ಕರ್ನಾಟಕಕ್ಕೆ ಈ ವಿಚಾರ ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಕೂರುವ ಐದು ಗುಂಪುಗಳೇ ಹೀಗಿವೆ: ಶಿಕ್ಷಕರ ಪೂರ್ತಿ ನೆರವು, ಅವರ ಭಾಗಶಃ ನೆರವು, ಆಮೇಲೆ ಸಹಪಾಠಿಗಳ ಪೂರ್ತಿ ನೆರವು, ಭಾಗಶಃ ನೆರವು, ಕೊನೆಗೆ ಸ್ವಕಲಿಕೆ. ನೆರವು ಇಳಿಯುವುದನ್ನು ತರಗತಿಯ ನೆಲದ ಮೇಲೇ ಹಾಸಿಟ್ಟ ಇದಕ್ಕಿಂತ ಚೆಂದದ ಏರ್ಪಾಡು ನಾನು ಕಂಡಿಲ್ಲ. ಕೊರತೆ ಒಂದೇ, ಅದು ದೊಡ್ಡದು: ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ಅರ್ಧ, ಕಾಲಿನಾಚೆಯ ಭಿನ್ನರಾಶಿ ಬಿಗಿಯಾಗುವುದು ನಾಲ್ಕು, ಐದರಲ್ಲಿ. ಅಲ್ಲಿ ಮತ್ತೆ ಕರಿಹಲಗೆ, ಮತ್ತೆ ಎಲ್ಲರಿಗೂ ಒಂದೇ ಲೆಕ್ಕ.

ಆ ತರಗತಿಗಳಿಗೆ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಬಂತು. ಅದರಲ್ಲಿ ಭಿನ್ನರಾಶಿ ಪಟ್ಟಿಗಳೂ ಇವೆ. ಮುಟ್ಟಿ ನೋಡಲು ಒಳ್ಳೆಯವೇ. ಆದರೆ ಸಿದ್ಧವಾಗಿ ಕತ್ತರಿಸಿದ ಪಟ್ಟಿಯಲ್ಲಿ ಸಮಭಾಗ ಮಾಡುವ ಕಷ್ಟ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮಗು ಪಕ್ಕಪಕ್ಕ ಇಟ್ಟು ಉದ್ದ ನೋಡಿ ಉತ್ತರ ಓದುತ್ತದೆ, ಕಾರಣ ಕೇಳಿದರೆ ಪಟ್ಟಿಯನ್ನೇ ತೋರಿಸುತ್ತದೆ. ಸಹಪಾಠಿಯ ನೆರವೂ ಹಲವು ಸಲ ಉತ್ತರ ಪಿಸುಗುಟ್ಟುವುದಕ್ಕೆ ಇಳಿಯುತ್ತದೆ.

ಪಟ್ಟಿಗೆ ಅದರದೇ ಮಿತಿಯೂ ಇದೆ. 3/5 ಮತ್ತು 5/8 ಕೊಟ್ಟರೆ ಉಳಿಯುವುದು 2/5 ಮತ್ತು 3/8. ಒಂದರಲ್ಲಿ ತುಂಡು ಕಡಿಮೆ, ಆದರೆ ದಪ್ಪ. ಹುಡುಗಿಯ ಉಪಾಯ ಇಲ್ಲಿ ನಿಲ್ಲುತ್ತದೆ. 24 ಸೆಂಟಿಮೀಟರಿನ ಪಟ್ಟಿಯಲ್ಲಿ ಎರಡರ ವ್ಯತ್ಯಾಸ ಬರೀ 6 ಮಿಲಿಮೀಟರ್. ಕೈಮಡಿಕೆಯ ತಪ್ಪೇ ಅಷ್ಟಿರುತ್ತದೆ. ಆಗ ಎರಡನ್ನೂ ನಲವತ್ತರ ಭಾಗಗಳಿಗೆ ತರಬೇಕು: 24/40, 25/40. ಸಮಛೇದ ಯಾಕೆ ಬೇಕು ಎಂದು ಅವಳಿಗೆ ತಿಳಿಯುವುದು ಪಟ್ಟಿ ಕೈಕೊಟ್ಟ ಈ ಹೊತ್ತಿನಲ್ಲಿ. ನೆರವಿನ ಮೆಟ್ಟಿಲು ಮತ್ತೆ ಕೆಳಗಿನಿಂದ ಶುರು. ಇಬ್ಬರೇ ಮಾಸ್ತರರು ಐದು ತರಗತಿ ನೋಡುವ ಶಾಲೆಯಲ್ಲಿ ಪ್ರತಿ ಮಗುವಿಗೂ ಹೀಗೆ ಮಾಡಲಾಗದು, ನಿಜ. ಪಾಟಿಯ ಮೇಲೆ ಉತ್ತರದ ಕೆಳಗೆ ಒಂದು ಸಾಲು ಕಾರಣ ಬರೆಸಿದರೆ, ಯಾರ ಪಕ್ಕ ಮೊದಲು ಕೂರಬೇಕು ಎಂಬುದಾದರೂ ಗೊತ್ತಾಗುತ್ತದೆ.